ಹುದ್ದೆ ಹೋದಾಗ ಬರಬೇಕಾದ ಹಣವನ್ನು ಬರವಣಿಗೆಯಲ್ಲೇ ಕೇಳುವುದು ಹೇಗೆ

ಈ ಜನವರಿ 6ರ ಸಂಜೆ ನನ್ನ ಅಕ್ಕನ ಮಗಳು ವಿದ್ಯಾನಗರದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಎರಡು ಹಾಳೆ. ಒಂದು ಲೆಕ್ಕದ ಹಾಳೆ, ಇನ್ನೊಂದು ಕಂಪನಿಯವರೇ ಟೈಪ್ ಮಾಡಿಕೊಟ್ಟ ರಾಜೀನಾಮೆ ಪತ್ರ. ಅವಳು ಎಂಟೂವರೆ ವರ್ಷದಿಂದ ಒಂದು ಬೀಜ-ಗೊಬ್ಬರದ ಕಂಪನಿಯ ದಾವಣಗೆರೆ ಶಾಖೆಯಲ್ಲಿ ಬಿಲ್ಲಿಂಗ್ ಮತ್ತು ಲೆಕ್ಕ ನೋಡಿಕೊಳ್ಳುತ್ತಿದ್ದಳು. ಬಿಲ್ಲಿಂಗ್ ಎಲ್ಲ ಇನ್ನು ಬೆಂಗಳೂರಿನಿಂದಲೇ ನಡೆಯುತ್ತದಂತೆ. ಇಲ್ಲಿನ ಹುದ್ದೆ ಬೇಡವಂತೆ. 31ನೇ ತಾರೀಖು ಕೊನೆಯ ದಿನ. ಶುಕ್ರವಾರದೊಳಗೆ ರಾಜೀನಾಮೆಗೆ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಜಾಸ್ತಿ ಕೊಡುತ್ತಾರಂತೆ.

"ಮಾವ, ಸಹಿ ಹಾಕಿಬಿಡ್ಲಾ? ಹೇಗೂ ಕೆಲಸ ಹೋಯ್ತಲ್ಲ" ಅಂದಳು.

ನಾನು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಪರ್ಸನೆಲ್ ವಿಭಾಗದಲ್ಲಿದ್ದವನು. ಇಂಥ ಹಾಳೆಗಳನ್ನು ನಾನೇ ಟೈಪ್ ಮಾಡಿಸಿದ್ದೇನೆ. ಹಾಗಾಗಿ ಆ ಹಾಳೆಯಲ್ಲಿ ಏನಿಲ್ಲ ಅನ್ನೋದು ನನಗೆ ಬೇಗ ಕಂಡಿತು. ಮುಂದಿನ ಮೂರು ವಾರ ಅವಳು ಬರೆದ ಪತ್ರಗಳು, ಹಾಕಿದ ಲೆಕ್ಕ, ಎಲ್ಲಿ ಹಟ ಹಿಡಿದಳು, ಎಲ್ಲಿ ಬಿಟ್ಟುಕೊಟ್ಟಳು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊತ್ತ ನಿಮ್ಮದು ಬೇರೆ ಇರುತ್ತದೆ. ದಾರಿ ಇದೇ.

ಮೊದಲ ದಿನ: ರಾಜೀನಾಮೆ ಬೇಡ, ಒಂದು ಮೇಲ್ ಸಾಕು

ಹುದ್ದೆ ರದ್ದು ಮಾಡಿದ್ದು ಕಂಪನಿ. ನೀವು ಬಿಟ್ಟು ಹೋಗುತ್ತಿಲ್ಲ. ಕಾನೂನಿನಲ್ಲಿ ಇದರ ಹೆಸರು ರಿಟ್ರೆಂಚ್‌ಮೆಂಟ್. ತಾನಾಗಿ ಕೊಟ್ಟ ರಾಜೀನಾಮೆ ರಿಟ್ರೆಂಚ್‌ಮೆಂಟ್ ಅಲ್ಲ. ರಾಜೀನಾಮೆಗೆ ಸಹಿ ಬಿದ್ದ ತಕ್ಷಣ ರಿಟ್ರೆಂಚ್‌ಮೆಂಟ್ ಪರಿಹಾರ ಕೇಳುವ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ. ಆಮೇಲೆ "ಒತ್ತಾಯದಿಂದ ಬರೆಸಿಕೊಂಡರು" ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆ ಮೇಲೆ. ಎರಡು ತಿಂಗಳ ಸಂಬಳದ ಆಸೆ ತೋರಿಸಿ ರಾಜೀನಾಮೆ ಕೇಳುವುದು ಇದೇ ಕಾರಣಕ್ಕೆ. "ರಿಸೈನ್ ಮಾಡಿದ್ರೆ ನಿಮ್ಮ ರೆಕಾರ್ಡ್ ಚೆನ್ನಾಗಿರುತ್ತೆ ಮೇಡಂ" ಅನ್ನುವ ಮಾತೂ ಜೊತೆಗೇ ಬರುತ್ತದೆ. ಹುದ್ದೆ ರದ್ದಾಗಿ ಕೆಲಸ ಹೋದರೆ ಯಾರ ರೆಕಾರ್ಡೂ ಕೆಡುವುದಿಲ್ಲ.

ಹಾಗಂತ ಅಲ್ಲೇ ಜಗಳ ಆಡಬೇಕಾಗಿಲ್ಲ. "ಓದಿ ಹೇಳ್ತೀನಿ ಸರ್" ಅಂದು ಹಾಳೆ ತೆಗೆದುಕೊಂಡು ಬನ್ನಿ. ಅದೇ ರಾತ್ರಿ ನಿಮ್ಮ ಸ್ವಂತ ಇಮೇಲ್‌ನಿಂದ ಎಚ್.ಆರ್.ಗೆ ಒಂದು ಮೇಲ್ ಕಳಿಸಿ. ಕಚೇರಿಯ ಇಮೇಲ್ ಯಾವ ಕ್ಷಣದಲ್ಲಾದರೂ ಬಂದ್ ಆಗಬಹುದು. ಅವಳು ಬರೆದದ್ದು ಇಷ್ಟೇ:

> ಇಂದು, 06.01.2026ರಂದು ಬೆಳಿಗ್ಗೆ ನಡೆದ ಮಾತುಕತೆಯಲ್ಲಿ, ಬಿಲ್ಲಿಂಗ್ ಕೆಲಸ ಬೆಂಗಳೂರಿಗೆ ಹೋಗುತ್ತಿರುವುದರಿಂದ ನನ್ನ ಹುದ್ದೆ 31.01.2026ರ ನಂತರ ಇರುವುದಿಲ್ಲ ಎಂದು ತಿಳಿಸಿದ್ದೀರಿ. ರಾಜೀನಾಮೆ ಪತ್ರದ ನಮೂನೆಯೊಂದನ್ನೂ ಲೆಕ್ಕದ ಹಾಳೆಯನ್ನೂ ಕೊಟ್ಟಿದ್ದೀರಿ. ನಾನು ರಾಜೀನಾಮೆ ಕೊಡುತ್ತಿಲ್ಲ. ಲೆಕ್ಕವನ್ನು ಪರಿಶೀಲಿಸಿ ಕೆಲವೇ ದಿನಗಳಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಎಂದಿನಂತೆ ಕೆಲಸಕ್ಕೆ ಬರುತ್ತೇನೆ.

ಈ ಮೇಲ್‌ನಲ್ಲಿ ದೂರಿಲ್ಲ, ಬೆದರಿಕೆ ಇಲ್ಲ. ಆದರೆ ಹುದ್ದೆ ತೆಗೆದದ್ದು ಕಂಪನಿ, ಯಾಕೆ, ಯಾವತ್ತಿನಿಂದ ಎಂಬ ಮೂರೂ ವಿಷಯ ತಾರೀಖಿನ ಸಮೇತ ದಾಖಲಾದವು. ಮುಂದೆ ಕಂಪನಿ "ಅವರೇ ಬಿಟ್ಟು ಹೋದರು" ಅಂದರೆ ತೋರಿಸಲು ಇದೊಂದೇ ಸಾಕಾಗುತ್ತದೆ. ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಸಿಟ್ಟಿನಲ್ಲಿ ಮಾರನೇ ದಿನದಿಂದ ಹೋಗದೆ ಕುಳಿತರೆ "ಹೇಳದೆ ಕೇಳದೆ ಗೈರುಹಾಜರಿ" ಎಂಬ ಹೊಸ ಕಥೆ ಹುಟ್ಟುತ್ತದೆ.

ಅದೇ ವಾರ ನೇಮಕಾತಿ ಪತ್ರ, ಇನ್‌ಕ್ರಿಮೆಂಟ್ ಪತ್ರಗಳು, ಸಂಬಳದ ಚೀಟಿಗಳು, ಫಾರ್ಮ್ 16, ರಜೆ ಬಾಕಿ ತೋರಿಸುವ ಪುಟ, ಇವಿಷ್ಟನ್ನು ಇಳಿಸಿಟ್ಟುಕೊಳ್ಳಿ. ನಿಮ್ಮ ಹೆಸರಿನ ಕಾಗದಗಳು ಮಾತ್ರ. ಗ್ರಾಹಕರ ಪಟ್ಟಿ, ದರದ ಪಟ್ಟಿ ಮುಟ್ಟಬೇಡಿ. ಅದೊಂದು ತಪ್ಪು ಸಿಕ್ಕರೆ ಮಾತುಕತೆ ನಿಮ್ಮ ಬಾಕಿಯಿಂದ ನಿಮ್ಮ ನಡತೆಗೆ ತಿರುಗುತ್ತದೆ.

ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಜಾರಿಗೆ ಬಂದಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಬಂದಿರುವುದು ಇದು. ನಮಗೆ ಬೇಕಾದ ಮುಖ್ಯ ಭಾಗ ಹಳೆಯದರಂತೆಯೇ ಇದೆ. ಒಂದು ವರ್ಷ ಸತತ ಸೇವೆ ಮುಗಿಸಿದ ಕೆಲಸಗಾರರನ್ನು ರಿಟ್ರೆಂಚ್ ಮಾಡುವ ಮೊದಲು ಮೂರು ಕೆಲಸ ಆಗಬೇಕು. ಕಾರಣ ಕಾಣಿಸಿ ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಹಣ. ಮುಗಿಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಸರ್ಕಾರಕ್ಕೆ ತಿಳಿಸಬೇಕು. ಪರಿಹಾರದ ಹಣ ರಿಟ್ರೆಂಚ್ ಮಾಡುವ ಹೊತ್ತಿಗೇ ಕೈ ಸೇರಬೇಕು. "ಮೂರು ತಿಂಗಳಾದ ಮೇಲೆ ನೋಡೋಣ" ಅನ್ನುವ ಹಾಗಿಲ್ಲ. ಈ ಷರತ್ತು ಮುರಿದರೆ ರಿಟ್ರೆಂಚ್‌ಮೆಂಟೇ ನಿಲ್ಲುವುದಿಲ್ಲ ಎಂದು ನ್ಯಾಯಾಲಯಗಳು ಹಳೆಯ ಕಾಯ್ದೆಯ ಕಾಲದಿಂದ ಹೇಳುತ್ತಾ ಬಂದಿವೆ. ಹಾಗೆಂದು ಪ್ರತಿ ಬಾರಿ ಕೆಲಸ ವಾಪಸ್ ಸಿಗುವುದಿಲ್ಲ, ಅನೇಕ ಬಾರಿ ಒಂದು ಇಡುಗಂಟು ಕೊಡಿಸಿ ಮುಗಿಸುತ್ತಾರೆ. ಆದರೂ ಕಂಪನಿಯ ವಕೀಲರಿಗೆ ಈ ಅಪಾಯ ಗೊತ್ತಿರುತ್ತದೆ. ನಿಮ್ಮ ಪತ್ರಕ್ಕೆ ತೂಕ ಬರುವುದು ಅಲ್ಲಿಂದಲೇ.

ಇಲ್ಲಿ ಒಂದು ಗೊಂದಲ ಇದೆ. ಅವಳ ಪದನಾಮ ಸೀನಿಯರ್ ಎಕ್ಸಿಕ್ಯೂಟಿವ್. "ನೀವು ಸ್ಟಾಫ್, ಲೇಬರ್ ಅಲ್ಲ, ನಿಮಗೆ ಇದೆಲ್ಲ ಬರಲ್ಲ" ಅಂದರು ಎಚ್.ಆರ್.ನವರು. ಪದನಾಮ ಲೆಕ್ಕಕ್ಕಿಲ್ಲ. ದಿನವೂ ಮಾಡುವ ಕೆಲಸ ಏನು ಎಂಬುದೇ ಲೆಕ್ಕ. ಬಿಲ್ ಹಾಕುವುದು, ಲೆಡ್ಜರ್ ತಾಳೆ ನೋಡುವುದು ಗುಮಾಸ್ತಿ ಕೆಲಸ. ಗುಮಾಸ್ತಿ ಮತ್ತು ತಾಂತ್ರಿಕ ಕೆಲಸದವರಿಗೆ ಸಂಬಳದ ಮಿತಿಯೇ ಇಲ್ಲ. ಮೇಲ್ವಿಚಾರಣೆಯ ಕೆಲಸವಾದರೆ ತಿಂಗಳಿಗೆ 18,000 ರೂಪಾಯಿ ದಾಟಿದವರು ಹೊರಗೆ. ಆಡಳಿತದ ಅಧಿಕಾರ ಇರುವವರು, ಅಂದರೆ ಜನರನ್ನು ನೇಮಿಸುವ, ರಜೆ ಮಂಜೂರು ಮಾಡುವ, ಶಿಸ್ತು ಕ್ರಮ ಕೈಗೊಳ್ಳುವ ಮ್ಯಾನೇಜರ್‌ಗಳು, ಎಷ್ಟೇ ಸಂಬಳ ಇದ್ದರೂ ಹೊರಗೆ. ಅವರಿಗೆ ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ, ಕಂಪನಿಯ ನಿಯಮ ಮತ್ತು ಗ್ರಾಚ್ಯುಟಿ, ಇಷ್ಟೇ ಆಧಾರ. ಇಂತಿಷ್ಟು ವರ್ಷಕ್ಕೆ ಎಂದು ಒಪ್ಪಂದದ ಮೇಲೆ ಬಂದು ಅವಧಿ ಮುಗಿದವರದ್ದೂ ರಿಟ್ರೆಂಚ್‌ಮೆಂಟ್ ಅಲ್ಲ.

ಶಾಖೆಯಲ್ಲಿ ಹದಿನಾಲ್ಕೇ ಜನ ಇದ್ದದ್ದು. ಅದರಿಂದ ತೊಂದರೆ ಇಲ್ಲ. ಸರ್ಕಾರದ ಮುಂಚಿತ ಅನುಮತಿ ಬೇಕಾಗುವುದು 300 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಂಥ ಕಡೆ ಮಾತ್ರ. ನೋಟಿಸ್ ಮತ್ತು 15 ದಿನದ ಪರಿಹಾರಕ್ಕೆ ತಲೆ ಎಣಿಕೆ ಇಲ್ಲ.

ಲೆಕ್ಕ: "ವೇತನ" ಅಂದರೆ ಎಷ್ಟು?

ಚೌಕಾಸಿ ಶುರು ಮಾಡುವ ಮೊದಲು ನಿಮ್ಮ ಹಕ್ಕಿನ ಹಣ ಎಷ್ಟು ಎಂದು ಗೊತ್ತಿರಬೇಕು. ಅದಕ್ಕಿಂತ ಕೆಳಗಿನದು ಚೌಕಾಸಿಯ ವಿಷಯವೇ ಅಲ್ಲ. ಅವಳ ತಿಂಗಳ ಸಂಬಳ 34,000. ಮೂಲ ವೇತನ 14,000, ಮನೆ ಬಾಡಿಗೆ ಭತ್ಯೆ 6,000, ಪ್ರಯಾಣ ಭತ್ಯೆ 2,000, ಸ್ಪೆಷಲ್ ಅಲೋಯೆನ್ಸ್ 12,000. ಸೇರಿದ್ದು 2017ರ ಜೂನ್ 12. ಕಂಪನಿ ಕೊಟ್ಟ ಹಾಳೆಯಲ್ಲಿ ಎಲ್ಲ ಲೆಕ್ಕವೂ 14,000ದ ಮೇಲೆ ನಡೆದಿತ್ತು. ಸೇವೆ 8 ವರ್ಷ. ಗ್ರಾಚ್ಯುಟಿ 64,615, ಉಳಿದ 18 ದಿನದ ರಜೆಗೆ 9,692, "ಎಕ್ಸ್ ಗ್ರೇಷಿಯಾ", ಅಂದರೆ ಕಂಪನಿ ತನ್ನ ಇಷ್ಟದಿಂದ ಕೊಡುವ ಹಣ, ಎರಡು ತಿಂಗಳು 68,000. ಒಟ್ಟು 1,42,307. ರಿಟ್ರೆಂಚ್‌ಮೆಂಟ್ ಪರಿಹಾರ ಎಂಬ ಸಾಲೇ ಇಲ್ಲ. ನೋಟಿಸ್ ಹಣವೂ ಇಲ್ಲ.

ಮೊದಲು ವರ್ಷ ಎಣಿಸೋಣ. ಜೂನ್ 2017ರಿಂದ ಜನವರಿ 2026ರ ಕೊನೆಗೆ ಎಂಟು ವರ್ಷ ಏಳು ತಿಂಗಳ ಮೇಲಾಯಿತು. ಆರು ತಿಂಗಳು ದಾಟಿದ ತುಂಡು ವರ್ಷ ಪೂರ್ತಿ ವರ್ಷ ಎಂದೇ ಲೆಕ್ಕ. ಆದ್ದರಿಂದ 9. ನಡುವೆ ಹೆರಿಗೆ ರಜೆ ತೆಗೆದುಕೊಂಡವರು ಆ ದಿನಗಳನ್ನು ಕಳೆಯಲು ಬಿಡಬೇಡಿ, 26 ವಾರದವರೆಗಿನ ಹೆರಿಗೆ ರಜೆ ಸೇವೆಯೊಳಗೇ ಸೇರುತ್ತದೆ.

ಇನ್ನು ವೇತನ. ಅರ್ಧ ಜಗಳ ನಡೆಯುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸ ಸಂಹಿತೆಗಳಲ್ಲಿ ವೇತನಕ್ಕೆ ಒಂದೇ ವ್ಯಾಖ್ಯೆ ಇದೆ. ಸಂಬಳ, ಭತ್ಯೆ ಎಲ್ಲ ಸೇರಿಸಿ, ಅದರಿಂದ ಒಂದು ಪಟ್ಟಿಯಲ್ಲಿರುವುದನ್ನು ಮಾತ್ರ ಕಳೆಯಬೇಕು. ಆ ಪಟ್ಟಿಯಲ್ಲಿ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಬೋನಸ್, ಪಿ.ಎಫ್.ಗೆ ಕಂಪನಿ ಕಟ್ಟುವ ಪಾಲು, ಕೆಲಸದ ಸ್ವರೂಪದಿಂದ ಬರುವ ವಿಶೇಷ ಖರ್ಚು ತುಂಬಲು ಕೊಡುವ ಹಣ ಇಂಥವು ಇವೆ. ಕಳೆದದ್ದು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಅಂದರೆ ಏನೇ ಮಾಡಿದರೂ ವೇತನ ಅರ್ಧಕ್ಕಿಂತ ಕೆಳಗಿಳಿಯುವುದಿಲ್ಲ. ಅವಳ ಲೆಕ್ಕದಲ್ಲಿ 17,000 ತಳ. ಕಂಪನಿಯ 14,000 ಅಲ್ಲೇ ಬಿದ್ದುಹೋಯಿತು.

ಹಾಗಾದರೆ 17,000ವೇ? ಅಲ್ಲ. ಪಟ್ಟಿ ಹಿಡಿದು ಕಳೆಯುತ್ತಾ ಬಂದರೆ ಬಾಡಿಗೆಯ 6,000 ಹೋಗುತ್ತದೆ, ಪ್ರಯಾಣದ 2,000 ಹೋಗುತ್ತದೆ. ಸ್ಪೆಷಲ್ ಅಲೋಯೆನ್ಸ್ ಆ ಪಟ್ಟಿಯಲ್ಲಿಲ್ಲ. ಪ್ರತಿ ತಿಂಗಳೂ ಒಂದೇ ಮೊತ್ತ, ಬಿಲ್ ಕೇಳದೆ, ಸಂಬಳದ ಜೊತೆಗೇ ಬರುತ್ತಿದ್ದ ಹಣ ಅದು. ಹೆಸರು ಬೇರೆ, ಸಂಬಳವೇ. ಆದ್ದರಿಂದ ಅವಳ ವೇತನ 26,000.

ಅದರ ಮೇಲೆ ಲೆಕ್ಕ ಹೀಗೆ ಬಂತು. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 15 ದಿನ ಅಂದರೆ ಅರ್ಧ ತಿಂಗಳು, 13,000. ಒಂಬತ್ತು ವರ್ಷಕ್ಕೆ 1,17,000. ಗ್ರಾಚ್ಯುಟಿಗೆ ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. 26,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 9 ವರ್ಷಕ್ಕೆ 1,35,000. ಈ 30 ಮತ್ತು 26ರ ವ್ಯತ್ಯಾಸ ಗೊತ್ತಿಲ್ಲದೆ ಎರಡನ್ನೂ ಒಂದೇ ರೀತಿ ಹಾಕಿದರೆ ಎಚ್.ಆರ್. ಕಡೆಯವರು ಅದೊಂದು ತಪ್ಪು ಹಿಡಿದು ಇಡೀ ಪತ್ರವನ್ನೇ ತಳ್ಳಿಹಾಕುತ್ತಾರೆ. ನಾನೂ ಹಾಗೆ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ರಜೆ ದಿನಕ್ಕೆ 1,000ದಂತೆ 18,000. ನೋಟಿಸ್ ಹಣ ಅವಳ ನೇಮಕಾತಿ ಪತ್ರದ ಪ್ರಕಾರ ಪೂರ್ತಿ ಸಂಬಳ, 34,000. ಕಂಪನಿ 25 ದಿನ ಮೊದಲು ಬಾಯಲ್ಲಿ ಹೇಳಿತ್ತು ನಿಜ, ಆದರೆ ಬಾಯಿಮಾತು ನೋಟಿಸ್ ಅಲ್ಲ. ಇಷ್ಟೂ ಸೇರಿ 3,04,000.

ಇನ್ನೊಂದು ಹೊಸ ಬಾಬತ್ತು ಇದೆ. ರಿಟ್ರೆಂಚ್ ಆದ ಪ್ರತಿಯೊಬ್ಬರ ಲೆಕ್ಕದಲ್ಲಿ ಕಂಪನಿ 15 ದಿನದ ವೇತನವನ್ನು ಮರುಕೌಶಲ್ಯ ನಿಧಿಗೆ ಕಟ್ಟಬೇಕು. ಆ ಹಣ 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ಅವಳಿಗೆ 13,000. ಇದು ಪರಿಹಾರದ ಬದಲಿಗೆ ಅಲ್ಲ, ಅದರ ಮೇಲೆ. ಅಲ್ಲಿಗೆ 3,17,000. ಕಂಪನಿಯ 1,42,307 ಎಲ್ಲಿ, ಇದು ಎಲ್ಲಿ?

ಮೊದಲ ಪತ್ರ

ಜನವರಿ 10ರಂದು ಅವಳ ಪತ್ರ ಹೋಯಿತು. ಮೇಲ್‌ನಲ್ಲೂ ಕಳಿಸಿದಳು, ಸಹಿ ಹಾಕಿದ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಬೆಂಗಳೂರಿನ ಮುಖ್ಯ ಕಚೇರಿಗೆ ಹಾಕಿದಳು. ಶಾಖೆಗೆ ಮಾತ್ರ ಕೊಟ್ಟರೆ ಶಾಖೆಯ ಮ್ಯಾನೇಜರ್ ಅದನ್ನು ಡ್ರಾಯರ್‌ಗೆ ಹಾಕಿ ಕೂರುತ್ತಾರೆ, ಪಾಪ ಅವರಿಗೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಮುಖ್ಯ ಭಾಗ ಹೀಗಿತ್ತು:

> ಹುದ್ದೆ ರದ್ದತಿ ಕಂಪನಿಯ ತೀರ್ಮಾನವಾದ್ದರಿಂದ ಇದು ರಿಟ್ರೆಂಚ್‌ಮೆಂಟ್ ಆಗುತ್ತದೆ. ನನ್ನ ಕೆಲಸ ಬಿಲ್ಲಿಂಗ್ ಮತ್ತು ಲೆಕ್ಕ ತಾಳೆ ನೋಡುವುದು. ನನ್ನ ಕೈಕೆಳಗೆ ಯಾರೂ ಇಲ್ಲ. ಕಾನೂನಿನ ಪ್ರಕಾರ ಬರಬೇಕಾದ ಮೊತ್ತದ ಲೆಕ್ಕವನ್ನು ಬಾಬತ್ತಿನ ಪ್ರಕಾರ ಲಗತ್ತಿಸಿದ್ದೇನೆ. ಒಟ್ಟು 3,17,000 ರೂ.
>
> ಇದರ ಜೊತೆಗೆ ಒಂಬತ್ತು ವರ್ಷದ ಸೇವೆ, ಬೆಂಗಳೂರು ತಂಡಕ್ಕೆ ನಾನು ಮಾಡಿಕೊಡಬೇಕಾದ ಕೆಲಸದ ಹಸ್ತಾಂತರ ಮತ್ತು ಇಷ್ಟು ಕಡಿಮೆ ಕಾಲಾವಕಾಶವನ್ನು ಗಮನಿಸಿ ನಾಲ್ಕು ತಿಂಗಳ ಸಂಬಳ, 1,36,000 ರೂ. ಎಕ್ಸ್ ಗ್ರೇಷಿಯಾ ಕೊಡಬೇಕೆಂದು ಕೋರುತ್ತೇನೆ.
>
> ಇದೇ ಶಾಖೆಯ ಇದೇ ಕೆಲಸದಲ್ಲಿ ನನಗಿಂತ ನಂತರ ಸೇರಿದವರು ಮುಂದುವರಿಯುತ್ತಿದ್ದಾರೆಯೇ, ಹಾಗಿದ್ದರೆ ನನ್ನನ್ನು ಆಯ್ಕೆ ಮಾಡಲು ಕಾರಣವೇನು ಎಂದು ದಯವಿಟ್ಟು ತಿಳಿಸಿ. 17.01.2026ರೊಳಗೆ ಲಿಖಿತ ಉತ್ತರ ಕೊಡಿ.

ಎರಡು ಮೊತ್ತವನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಟ್ಟದ್ದನ್ನು ಗಮನಿಸಿ. ಮೊದಲನೆಯದು ಬರಬೇಕಾದದ್ದು, ಅಲ್ಲಿ "ಕೋರುತ್ತೇನೆ" ಎಂಬ ಪದವೇ ಇಲ್ಲ. ಎರಡನೆಯದು ಕೇಳುತ್ತಿರುವುದು. ಎರಡನ್ನೂ ಕೂಡಿಸಿ 4,53,000 ಎಂದು ಒಂದೇ ಅಂಕಿ ಬರೆದಿದ್ದರೆ ಚೌಕಾಸಿ ಆ ಅಂಕಿಯ ಮೇಲೆ ನಡೆದು, ಇಳಿಯುತ್ತಾ ಇಳಿಯುತ್ತಾ ಹಕ್ಕಿನ ಹಣದೊಳಗೇ ನುಗ್ಗುತ್ತದೆ.

ಕಿರಿಯರ ಬಗ್ಗೆ ಕೇಳಿದ ಪ್ರಶ್ನೆಗೂ ಕಾರಣ ಇದೆ. ಒಂದೇ ಬಗೆಯ ಕೆಲಸದಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ಅವಳ ಪಕ್ಕದ ಮೇಜಿನವರು 2021ರಲ್ಲಿ ಸೇರಿದವರು, ಅವರನ್ನು ಉಳಿಸಿಕೊಂಡಿದ್ದರು. ಆ ಹುಡುಗನ ಹೆಸರು ಬರೆಯಬೇಡ ಎಂದೆ. ಅವನ ಕೆಲಸ ಕಳೆಯುವುದು ನಮ್ಮ ಉದ್ದೇಶ ಅಲ್ಲ. ಪ್ರಶ್ನೆ ಸಾಕು, ಅರ್ಥ ಆಗುವವರಿಗೆ ಆಗುತ್ತದೆ.

ಉತ್ತರ ಫೋನಿನಲ್ಲಿ ಬರುತ್ತದೆ

ಸಂಕ್ರಾಂತಿ ವಾರದಲ್ಲಿ ಬೆಂಗಳೂರಿನಿಂದ ಫೋನ್ ಬಂತು. "ಮೇಡಂ, ಇದೆಲ್ಲ ಪತ್ರ ಗಿತ್ರ ಯಾಕೆ, ರೌಂಡಾಗಿ ಎರಡೂವರೆ ಲಕ್ಷ ಮಾಡಿಸ್ತೀನಿ, ಮುಗಿಸಿಬಿಡೋಣ." ದೊಡ್ಡ ಅಂಕಿ ಕೇಳಿದಾಗ ಹೂಂ ಅನ್ನಲು ಮನಸ್ಸಾಗುತ್ತದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಇದನ್ನೇ ಮೇಲ್‌ನಲ್ಲಿ ಕಳಿಸ್ತೀರಾ ಸರ್, ಮನೇಲಿ ತೋರಿಸಿ ಹೇಳ್ತೀನಿ" ಅಂದಳು. ಅವರು ಕಳಿಸಲಿಲ್ಲ. ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ಅವಳೇ ಬರೆದಳು: "ಇಂದು ಫೋನಿನಲ್ಲಿ ಒಟ್ಟು 2,50,000 ರೂ. ಕೊಡುವುದಾಗಿ ತಿಳಿಸಿದ್ದೀರಿ. ಇದರಲ್ಲಿ ಯಾವ ಬಾಬತ್ತಿಗೆ ಎಷ್ಟು ಎಂದು ಬಿಡಿಸಿ ತಿಳಿಸಿದರೆ ಉತ್ತರಿಸಲು ಅನುಕೂಲ."

ಈ "ಬಿಡಿಸಿ ತಿಳಿಸಿ" ಎಂಬ ಮಾತು ತುಂಬ ಕೆಲಸ ಮಾಡುತ್ತದೆ. ಬಿಡಿಸಿ ಬರೆದರೆ ಗ್ರಾಚ್ಯುಟಿಯನ್ನೋ ಪರಿಹಾರವನ್ನೋ ಕಡಿಮೆ ಹಾಕಿದ್ದು ಕಾಗದದ ಮೇಲೆ ಕಾಣುತ್ತದೆ. ಯಾವ ಎಚ್.ಆರ್. ಅಧಿಕಾರಿಯೂ ಅದಕ್ಕೆ ತನ್ನ ಹೆಸರು ಹಾಕಲು ಇಷ್ಟಪಡುವುದಿಲ್ಲ.

20ನೇ ತಾರೀಖು ಮೊದಲ ಬಾರಿ ಲಿಖಿತ ಉತ್ತರ ಬಂತು. ರಿಟ್ರೆಂಚ್‌ಮೆಂಟ್ ಎಂದು ಒಪ್ಪಿದ್ದರು. 9 ವರ್ಷ ಒಪ್ಪಿದ್ದರು. ನೋಟಿಸ್ ಹಣವನ್ನೂ ಒಪ್ಪಿದ್ದರು. ಆದರೆ ವೇತನ 17,000 ಎಂದು ಹಿಡಿದು ಪರಿಹಾರ 76,500, ಗ್ರಾಚ್ಯುಟಿ 88,269 ಎಂದಿದ್ದರು. ಸ್ಪೆಷಲ್ ಅಲೋಯೆನ್ಸ್ "ಕೆಲಸದ ವಿಶೇಷ ಖರ್ಚಿಗೆ ಕೊಟ್ಟದ್ದು" ಎಂಬ ವಾದ. ಈ ಒಂದು ಸಾಲಿನ ಬೆಲೆ ಈ ಎರಡು ಬಾಬತ್ತಿನಲ್ಲೇ 87,231 ರೂಪಾಯಿ.

ಇದಕ್ಕೆ ವಾದ ಮಾಡುವುದಕ್ಕಿಂತ ದಾಖಲೆ ಕೇಳುವುದು ಒಳ್ಳೆಯದು. ಅವಳ ಉತ್ತರ ನಾಲ್ಕೇ ಸಾಲು: ಈ ಭತ್ಯೆಗೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಿಲ್ ಕೇಳಿಲ್ಲ. ರಜೆಯಲ್ಲಿದ್ದ ತಿಂಗಳಲ್ಲೂ ಪೂರ್ತಿ ಬಂದಿದೆ. ಫಾರ್ಮ್ 16ರಲ್ಲಿ ಇದಕ್ಕೆ ಪೂರ್ತಿ ತೆರಿಗೆ ಲೆಕ್ಕ ಹಾಕಿದ್ದೀರಿ. ಯಾವ ಖರ್ಚಿಗೆ ಕೊಟ್ಟದ್ದು ಎಂದು ತೋರಿಸುವ ಕಂಪನಿಯ ನಿಯಮವಿದ್ದರೆ ಕಳಿಸಿ. ಅಂಥ ನಿಯಮ ಇರಲಿಲ್ಲ. ಇದ್ದಿದ್ದರೆ ನಾವು ಈ ಬಾಬತ್ತಿನಲ್ಲಿ ಇಳಿಯಬೇಕಾಗುತ್ತಿತ್ತು. ನಿಮ್ಮ ಭತ್ಯೆ ನಿಜಕ್ಕೂ ಬಿಲ್ ಕೊಟ್ಟು ಪಡೆಯುವಂಥದ್ದಾದರೆ ಈ ವಾದ ಹೂಡಬೇಡಿ.

ಎಲ್ಲಿ ಬಿಟ್ಟುಕೊಡಬೇಕು

ಎಕ್ಸ್ ಗ್ರೇಷಿಯಾ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಅದನ್ನು ಯಾವ ಅಧಿಕಾರಿಯೂ ಕೊಡಿಸುವುದಿಲ್ಲ. ಹಾಗಾಗಿ ಇಳಿಯುವುದಾದರೆ ಅಲ್ಲೇ ಇಳಿಯಬೇಕು, ಅದೂ ಏನಾದರೂ ಪಡೆದುಕೊಂಡು. ನಾಲ್ಕು ತಿಂಗಳು ಕೇಳಿದ್ದವಳು, 26,000ದ ಲೆಕ್ಕ ಒಪ್ಪಿದರೆ ಎರಡು ತಿಂಗಳಿಗೆ ಒಪ್ಪುತ್ತೇನೆ ಎಂದು ಬರೆದಳು. ಮೊದಲ ದಿನ ಎರಡು ತಿಂಗಳು ಕೊಡುತ್ತೇವೆ ಎಂದವರು ಅವರೇ ಎಂದೂ ನೆನಪಿಸಿದಳು. ಅವರು ಒಂದು ತಿಂಗಳು ಎಂದರು. ಒಂದೂವರೆ ತಿಂಗಳಿಗೆ, ಅಂದರೆ 51,000ಕ್ಕೆ ನಿಂತಿತು. ಜೊತೆಗೆ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅವಳ ಹೆಸರನ್ನು ಮಾರ್ಚ್ ಕೊನೆಯವರೆಗೆ ಉಳಿಸಲು ಒಪ್ಪಿದರು. ಅವರಿಗೆ ಅದರಿಂದ ದೊಡ್ಡ ಖರ್ಚಿಲ್ಲ, ಮನೆಯಲ್ಲಿ ಸಣ್ಣ ಮಗು ಇರುವವಳಿಗೆ ಅದು ದೊಡ್ಡದು. ಒಟ್ಟು 3,68,000ಕ್ಕೆ 27ನೇ ತಾರೀಖು ಮೇಲ್‌ನಲ್ಲಿ ಒಪ್ಪಿಗೆ ಬಂತು.

ನನ್ನ ಪ್ರಕಾರ ಅವಳು ಇನ್ನೂ ಒಂದು ವಾರ ಹಿಡಿದಿದ್ದರೆ ಎರಡು ತಿಂಗಳೇ ಸಿಗುತ್ತಿತ್ತು. ಅವಳಿಗೆ ಸಾಕಾಗಿತ್ತು. ಅದೂ ಲೆಕ್ಕವೇ.

ಸಹಿ ಹಾಕುವ ಹಾಳೆ

ಒಪ್ಪಿಗೆಯಾದ ಮೇಲೆ ಬರುವ ಸೆಟಲ್‌ಮೆಂಟ್ ಹಾಳೆಯನ್ನು ಮೊತ್ತ ನೋಡಿ ಸಹಿ ಹಾಕುವವರೇ ಜಾಸ್ತಿ. ಅವಳಿಗೆ ಬಂದ ಮೊದಲ ಪ್ರತಿಯಲ್ಲಿ "ನೌಕರರು ಸ್ವ ಇಚ್ಛೆಯಿಂದ ಸೇವೆಯಿಂದ ಬಿಡುಗಡೆ ಹೊಂದಿರುತ್ತಾರೆ" ಎಂಬ ಸಾಲು ಮತ್ತೆ ನುಸುಳಿತ್ತು. ಹೊಡೆಸಿ ಹಾಕಿಸಿ, "ಹುದ್ದೆ ರದ್ದಾದ ಕಾರಣ ರಿಟ್ರೆಂಚ್‌ಮೆಂಟ್" ಎಂದು ಬರೆಸಿದೆವು. ಬಿಡುಗಡೆ ಪತ್ರದಲ್ಲೂ ಅದೇ ಮಾತು ಇರಲಿ. ಒಂದು ವರ್ಷದೊಳಗೆ ಕಂಪನಿ ಅದೇ ಕೆಲಸಕ್ಕೆ ಮತ್ತೆ ಜನ ತೆಗೆದುಕೊಂಡರೆ ರಿಟ್ರೆಂಚ್ ಆದವರಿಗೆ ಮೊದಲ ಅವಕಾಶ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಆ ಅವಕಾಶ ಇಲ್ಲ.

ಎರಡನೆಯದಾಗಿ, ಹಾಳೆಯಲ್ಲಿ ಇಡೀ ಹಣಕ್ಕೆ "ಎಕ್ಸ್ ಗ್ರೇಷಿಯಾ" ಎಂದೇ ಹೆಸರಿಟ್ಟಿದ್ದರು. ಕೇಳಲು ಚೆನ್ನಾಗಿದೆ, ತೆರಿಗೆಯಲ್ಲಿ ಹೊಡೆತ. ಕಾನೂನಿನ ಲೆಕ್ಕದ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 5 ಲಕ್ಷದವರೆಗೆ ಮತ್ತು ಗ್ರಾಚ್ಯುಟಿಗೆ 20 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ. ಎಕ್ಸ್ ಗ್ರೇಷಿಯಾ ಮತ್ತು ನೋಟಿಸ್ ಹಣ ಸಂಬಳದಂತೆಯೇ ತೆರಿಗೆಗೆ ಬರುತ್ತವೆ. ಆದ್ದರಿಂದ ಪ್ರತಿ ಬಾಬತ್ತಿಗೂ ಅದರದೇ ಹೆಸರು, ಅದರದೇ ಮೊತ್ತ ಇರಬೇಕು.

ಮೂರನೆಯದು ದಿನಾಂಕ. "ಪ್ರಕ್ರಿಯೆ ಮುಗಿದ ನಂತರ ಪಾವತಿಸಲಾಗುವುದು" ಎಂದರೆ ಯಾವತ್ತು? ಕೆಲಸದಿಂದ ತೆಗೆದವರ ವೇತನ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು, ಗ್ರಾಚ್ಯುಟಿಯನ್ನು 30 ದಿನದೊಳಗೆ. ಪರಿಹಾರ ರಿಟ್ರೆಂಚ್ ಮಾಡುವ ದಿನವೇ. ಅವಳ ಹಾಳೆಯಲ್ಲಿ ಎಲ್ಲದಕ್ಕೂ 31.01.2026 ಎಂದು, ಮರುಕೌಶಲ್ಯದ 13,000ಕ್ಕೆ ಮಾತ್ರ 45 ದಿನ ಎಂದು ಬರೆಸಿದೆವು. "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಸಾಲಿನ ಮುಂದೆ "ಮೇಲಿನ ಮೊತ್ತ ಖಾತೆಗೆ ಜಮೆಯಾದ ನಂತರ, ಪಿ.ಎಫ್. ಹೊರತುಪಡಿಸಿ" ಎಂದು ಸೇರಿಸಿದೆವು. ಹಣ ಬರುವ ಮೊದಲೇ ರಸೀತಿಗೆ ಸಹಿ ಕೇಳಿದರೆ ಹಾಕಬೇಡಿ.

ಕಂಪನಿ ಮಾತುಕತೆಗೇ ಬರದೆ ಕಡಿಮೆ ಹಣವನ್ನು ಖಾತೆಗೆ ಹಾಕಿಬಿಟ್ಟರೆ? ವಾಪಸ್ ಕಳಿಸಬೇಕಾಗಿಲ್ಲ. "ಈ ಮೊತ್ತವನ್ನು ಭಾಗಶಃ ಬಾಕಿ ಎಂದು, ಉಳಿದದ್ದರ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ" ಎಂದು ಅದೇ ದಿನ ಮೇಲ್ ಮಾಡಿ. ಆಮೇಲೆ ಪತ್ರಗಳ ಕಟ್ಟು ಹಿಡಿದು ದಾವಣಗೆರೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಅರ್ಜಿ ಕೊಡಿ. ಅಲ್ಲಿ ಎರಡೂ ಕಡೆಯವರನ್ನು ಕರೆಸಿ ಸಂಧಾನ ಮಾಡುತ್ತಾರೆ. ಅರ್ಜಿಗೆ ವಕೀಲರೇ ಬೇಕೆಂದಿಲ್ಲ. ಆದರೆ ಸುಮ್ನೆ ದಿನ ತಳ್ಳಬೇಡಿ, ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ. ಗ್ರಾಚ್ಯುಟಿಯ ಜಗಳಕ್ಕೆ ಅರ್ಜಿ ಬೇರೆಯೇ ಕೊಡಬೇಕು.

ಅವಳ ಹಣ 31ರ ಶನಿವಾರ ಸಂಜೆ ಬಂತು. ಸೋಮವಾರ ಬೆಳಿಗ್ಗೆ ಅವಳು ಮಾಡಿದ ಮೊದಲ ಕೆಲಸ, ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಸೆಟಲ್‌ಮೆಂಟ್ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಬಾಬತ್ತು ಬಾಬತ್ತು ತಾಳೆ ನೋಡಿದ್ದು. ಒಂಬತ್ತು ವರ್ಷ ಅದನ್ನೇ ಮಾಡಿದವಳಲ್ವಾ. ಪಿ.ಎಫ್. ಪುಟದಲ್ಲಿ ಬಿಟ್ಟ ದಿನಾಂಕ ಇನ್ನೂ ಖಾಲಿ ಇತ್ತು. ಅದಕ್ಕೂ ಒಂದು ಮೇಲ್ ಹಾಕಿದಳು.